ಪೊರ್ಬುಲು ಇಲ್ಲದ ವರ್ಷದ ಕ್ರಿಸ್‌ಮಸ್ ಕಾಗದ

ಪಕ್ಕದ ಮನೆಯ ಬಾಯಮ್ಮನಿಗೆ ಕ್ರಿಸ್‌ಮಸ್‌ಗೆಂದು ನಾಲ್ಕು ಸಾಲು ಬರೆಯಲು ಕಳೆದ ವರ್ಷ ನಮ್ಮ ಮನೆಯಲ್ಲಿ ಮೂರು ಸಂಜೆ ಬೇಕಾಯಿತು. ಮೂವತ್ತು ವರ್ಷದ ನೆರೆಹೊರೆ. ಮಧ್ಯೆ ಗೋಡೆಯಿಲ್ಲ, ದಾಸವಾಳದ ಬೇಲಿ ಮಾತ್ರ. ಅದರಲ್ಲೂ ಒಂದು ಕಂಡಿ ಇದೆ, ಎರಡೂ ಮನೆಯ ಮಕ್ಕಳು ಸಣ್ಣವರಿದ್ದಾಗ ನುಸುಳಿ ನುಸುಳಿ ಆದದ್ದು. ಇಷ್ಟು ವರ್ಷವೂ ಹಬ್ಬದ ದಿನ ಆ ಕಂಡಿ ದಾಟಿ ಹೋಗಿ "ಹಬ್ಬ ಜೋರಾ ಬಾಯಮ್ಮ?" ಎಂದರೆ ಮುಗಿಯುತ್ತಿತ್ತು. ಕಳೆದ ವರ್ಷ ಹಾಗೆ ಕೇಳುವಂತಿರಲಿಲ್ಲ. ಸೆಪ್ಟೆಂಬರಿನಲ್ಲಿ, ಮೊಂತಿ ಫೆಸ್ತ್ ಕಳೆದು ಹತ್ತು ದಿನಕ್ಕೆ, ಅವರ ಯಜಮಾನರು ತೀರಿಕೊಂಡಿದ್ದರು.

ಕರಾವಳಿಯ ಆಚೆಯವರಿಗೆ ಈ ಮಾತುಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಗಳೂರು ಸೀಮೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಹೆಂಗಸರನ್ನು ನಾವು ಬಾಯಮ್ಮ ಎನ್ನುತ್ತೇವೆ, ಗಂಡಸರನ್ನು ತುಳುವಿನಲ್ಲಿ ಪೊರ್ಬುಲು. ಪ್ರಭು ಎಂಬುದೇ ತುಳು ಬಾಯಲ್ಲಿ ಪೊರ್ಬು ಆದದ್ದು. ಇಬ್ಬರಿಗೂ ಬೇರೆ ಹೆಸರಿದ್ದರೂ ನಮಗೆ ಅದು ಬೇಕಾಗುವುದು ಬ್ಯಾಂಕಿನ ಕಾಗದಕ್ಕೆ ಸಾಕ್ಷಿ ಹಾಕುವಾಗ ಮಾತ್ರ. ಮೊಂತಿ ಫೆಸ್ತ್ ಎಂದರೆ ಸೆಪ್ಟೆಂಬರ್ 8ರ ಕನ್ಯಾಮರಿಯಮ್ಮನ ಹಬ್ಬ. ಇಗರ್ಜಿಯಲ್ಲಿ ಹರಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ಊಟ ಮಾಡುವ ದಿನ. ನಮ್ಮಲ್ಲಿ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಹೊತ್ತೂ ಅದರ ಆಸುಪಾಸಿಗೇ ಬರುತ್ತದೆ. ಆ ವರ್ಷವೂ ಪೊರ್ಬುಲು ತೆನೆ ತಂದಿದ್ದರು.

ಡಿಸೆಂಬರ್ ಬಂದಾಗ ನಮ್ಮ ಅತ್ತೆ ಹೇಳಿದರು. "ಈ ಸಲ ಹೋಗಿ ಮಾತಾಡ್ಲಿಕ್ಕೆ ಹೊರಟ್ರೆ ನನಗೆ ಅಳು ಬರ್ತದೆ, ನನ್ನ ನೋಡಿ ಆಕೆಗೂ ಬರ್ತದೆ. ಹಬ್ಬದ ದಿನ ಅದೆಲ್ಲ ಬೇಡ. ಮೊದಲು ಒಂದು ಕಾಗದ ಬರೆದು ಕೊಡು, ಆಮೇಲೆ ಹೋಗುವ." ಬಾಯಮ್ಮ ಕನ್ನಡ ಶಾಲೆಯಲ್ಲಿ ಕಲಿತವರು. ಅವರ ಕೊಂಕಣಿ ಓದೂ ಕನ್ನಡ ಲಿಪಿಯಲ್ಲೇ. 1938ರಿಂದ ಮಂಗಳೂರಿನಲ್ಲಿ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆ ಅವರ ಜಗಲಿಯ ಕುರ್ಚಿಯ ಮೇಲೆ ಸದಾ ಇರುತ್ತದೆ. ಹಾಗಾಗಿ ಭಾಷೆಯ ತೊಂದರೆ ಇರಲಿಲ್ಲ. ಏನು ಬರೆಯುವುದು ಎಂಬುದೇ ತೊಂದರೆ.

ಮೊದಲ ಸಂಜೆ ಮಗ ಫೋನಿನಲ್ಲಿ ಒಂದು ಚಿತ್ರ ಹುಡುಕಿ ತೋರಿಸಿದ. ಹಿಮ ಬಿದ್ದ ಮನೆ, ಜಿಂಕೆ, ಕೆಂಪು ಟೊಪ್ಪಿಯ ಸಾಂತಾ ಕ್ಲಾಸ್. ಕೆಳಗೆ, ಕ್ರಿಸ್‌ಮಸ್ ಹಬ್ಬದ ಹಾರ್ದಿಕ ಶುಭಾಶಯಗಳು, ಈ ಹಬ್ಬವು ನಿಮ್ಮ ಬಾಳಿನಲ್ಲಿ ಸುಖ ಶಾಂತಿ ನೆಮ್ಮದಿ ತರಲಿ ಎಂಬ ಬರಹ. ಕೆಟ್ಟದ್ದೇನೂ ಅಲ್ಲ. ಆದರೆ ಕ್ರಿಸ್‌ಮಸ್ ಎಂಬಲ್ಲಿ ಯುಗಾದಿ ಎಂದು ಹಾಕಿ ನೋಡಿ, ದೀಪಾವಳಿ ಎಂದು ಹಾಕಿ ನೋಡಿ, ಒಂದಕ್ಷರವೂ ಅಲುಗುವುದಿಲ್ಲ. ಮೂರು ತಿಂಗಳ ಹಿಂದೆ ಗಂಡನನ್ನು ಕಳೆದುಕೊಂಡವರಿಗೂ ಅದೇ, ಮೊನ್ನೆ ಮಗಳ ಮದುವೆ ಮಾಡಿದವರಿಗೂ ಅದೇ. ಹೊರಡುವಾಗಲೇ ವಿಳಾಸವಿಲ್ಲದ ಕಾಗದ ಅದು.

ಹೀಗೆ ಎಲ್ಲರಿಗೂ ಒಂದೇ ಮಾತು ಎಂಬುದು ಹುಟ್ಟಿದ್ದೂ ಪುರುಸೊತ್ತಿಲ್ಲದವರ ಕೈಯಲ್ಲೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಸರಕಾರಿ ಅಧಿಕಾರಿಗೆ ಕ್ರಿಸ್‌ಮಸ್ ಸಮಯದಲ್ಲಿ ಬರುವ ಕಾಗದಗಳಿಗೆಲ್ಲ ಉತ್ತರ ಬರೆದು ಪೂರೈಸಲಿಲ್ಲ. ಮೂರು ವರ್ಷ ಮೊದಲು ಒಂದು ಪೆನ್ನಿಯ ಅಂಚೆ ಶುರುವಾಗಿ ಕಾಗದ ಬರೆಯುವವರು ಹೆಚ್ಚಿದ್ದರು. ಆ ಅಂಚೆ ಸುಧಾರಣೆಯಲ್ಲಿ ಕೋಲ್ ಅವರದೂ ಕೈಯಿತ್ತು, ಅಂದರೆ ತಾವೇ ತಂದುಕೊಂಡ ಕಷ್ಟ. ಅವರು ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ ಕಲ್ಲಚ್ಚಿನಲ್ಲಿ ಹೊಡೆಸಿದರು. ಮೇಲೆ ಯಾರಿಗೆ, ಕೆಳಗೆ ಯಾರಿಂದ ಎಂದು ತುಂಬಲು ಖಾಲಿ ಜಾಗ, ನಡುವೆ ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ಸೇರಿಸಿ ಒಂದು ಸಾಲಿನ ಹಾರೈಕೆ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಎಂದು ಹೇಳುವುದು ಇದನ್ನೇ. ಅದರಲ್ಲಿ ಮಗುವೊಂದು ದ್ರಾಕ್ಷಾರಸ ಕುಡಿಯುವಂತೆ ಬರೆದಿದ್ದಾರೆಂದು ಆಗ ಗಲಾಟೆಯೂ ಆಯಿತು. ಅದೇ 1843ರ ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು, ಅದೂ ಕಲ್ಲಚ್ಚಿನಲ್ಲಿ. ಒಂದು ಕಲ್ಲು ಊರಿನ ಸುದ್ದಿ ಹೇಳಿತು, ಇನ್ನೊಂದು ಕಲ್ಲು ಎಲ್ಲರಿಗೂ ಒಂದೇ ಮಾತು ಹೇಳಿತು. ನನ್ನ ಮಗನ ಫೋನಿಗೆ ಬಂದು ತಲುಪಿದ್ದು ಎರಡನೆಯದು.

ಎರಡನೆಯ ಸಂಜೆ ನಮ್ಮವರು ಬರೆದರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಅದೇ ಎಡವಟ್ಟಾಯಿತು. ಮಧ್ಯರಾತ್ರಿ ಸೆರೆಮನೆಯಲ್ಲಿ ಹುಟ್ಟಿದ ಕೃಷ್ಣ, ಮಧ್ಯರಾತ್ರಿ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಯೇಸು, ಅಲ್ಲಿ ಕಂಸ, ಇಲ್ಲಿ ಹೆರೋದ, ದೇವನೊಬ್ಬ ನಾಮ ಹಲವು ಎಂದು ಒಂದು ಪುಟ ತುಂಬಿತು. ಓದಲು ಚಂದವಾಗಿತ್ತು. ಸಭೆಯಲ್ಲಿ ಓದಿದರೆ ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಇದನ್ನು ಬಾಯಮ್ಮನ ಕಡೆಯಿಂದ ಓದಿ ನೋಡಬೇಕು. ಅವರ ಹಬ್ಬದ ದಿನ, ಅವರ ದೇವರು ನಮ್ಮ ದೇವರ ಹಾಗೆಯೇ ಇದ್ದಾನೆ, ಆದ್ದರಿಂದ ನಮಗೂ ಒಪ್ಪಿಗೆ ಎಂದು ನಾವು ಹೇಳಿದ ಹಾಗಾಗುತ್ತದೆ. ಅಷ್ಟಮಿಯ ದಿನ ಯಾರಾದರೂ ಬಂದು ನಿಮ್ಮ ಕೃಷ್ಣ ನಮ್ಮ ಇನ್ಯಾರದೋ ಹಾಗೆ ಎಂದರೆ ನಾವು ನಗುತ್ತೇವೆ, ಒಳಗೆ ಸ್ವಲ್ಪ ಚುಚ್ಚುತ್ತದೆ. ಎಲ್ಲ ದೇವರೂ ಒಂದೇ ಎಂಬುದು ನಮ್ಮ ನಂಬಿಕೆ ಇರಬಹುದು. ಕ್ರೈಸ್ತರ ನಂಬಿಕೆ ಹಾಗಲ್ಲ, ಹಬ್ಬದ ಕಾಗದದಲ್ಲಿ ಅವರಿಂದ ಅದಕ್ಕೆ ಹೂಂ ಅನ್ನಿಸಬೇಕಾದ್ದೂ ಇಲ್ಲ.

ಇದರ ಉಲ್ಟಾ ತಪ್ಪನ್ನೂ ಕಂಡಿದ್ದೇನೆ. ನನ್ನ ಪರಿಚಯದ ಒಬ್ಬರು, ಪ್ರತಿ ಶನಿವಾರ ಹನುಮಂತನಿಗೆ ಎಣ್ಣೆ ಕೊಡುವವರು, ನಮ್ಮ ರಕ್ಷಕನಾದ ಯೇಸುಕ್ರಿಸ್ತನು ನಿಮ್ಮ ಪಾಪಗಳನ್ನು ಕ್ಷಮಿಸಲಿ ಎಂದು ಎಲ್ಲಿಂದಲೋ ನಕಲು ಮಾಡಿ ಸಹೋದ್ಯೋಗಿಗೆ ಕಳಿಸಿದ್ದರು. ಪಡೆದವರಿಗೆ ಎರಡು ದಿನ ಗೊಂದಲ. ಯಾವ ಪಾಪ ಎಂದು ಒಂದು, ಇವರು ಯಾವಾಗ ಮತ ಬದಲಾಯಿಸಿದರು ಎಂದು ಇನ್ನೊಂದು.

ದೇವರ ಹೆಸರು ಎತ್ತುವುದೇ ಆದರೆ ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಾವು ಹಿಂದೂಗಳು ದೇವರನ್ನು ಏಕವಚನದಲ್ಲೇ ಕರೆಯುವವರು. ಕೃಷ್ಣ ಹುಟ್ಟಿದ, ರಾಮ ಕಾಡಿಗೆ ಹೋದ. ಅದು ನಮ್ಮ ಸಲುಗೆ. ಅದೇ ಬಾಯಿ ರೂಢಿಯಲ್ಲಿ ಯೇಸು ಹುಟ್ಟಿದ ಎಂದು ಬರೆದರೆ ಆ ಸಲುಗೆ ದಾಟಿಹೋಗುವುದಿಲ್ಲ, ಸಸಾರ ಮಾತ್ರ ಕಾಣುತ್ತದೆ. ಹಳೆಯ ಕನ್ನಡ ಬೈಬಲಿನಲ್ಲಿ ಏಕವಚನವೇ ಇದೆ ನಿಜ, ಆದರೆ ಅದು ಅವರ ಗ್ರಂಥ, ಅವರ ಸಲುಗೆ. ಕ್ಯಾಥೊಲಿಕರು ಕನ್ನಡದಲ್ಲಿ ಮಾತಾಡುವಾಗ ಯೇಸುಸ್ವಾಮಿ ಎನ್ನುತ್ತಾರೆ, ಹುಟ್ಟಿದರು ಎನ್ನುತ್ತಾರೆ. ಹೊರಗಿನವರಿಗೆ ಅದೇ ಒಳ್ಳೆಯದು. ಏಸು ಅಲ್ಲ, ಯೇಸು ಎಂದು ಬರೆಯುವುದು ಇಗರ್ಜಿಯ ಕನ್ನಡದ ರೂಢಿ. ಆ ಮಗುವನ್ನು ಮಲಗಿಸಿದ, ದನಗಳಿಗೆ ಹುಲ್ಲು ಹಾಕುವ ತೊಟ್ಟಿಗೆ ಅವರು ಗೋದಲಿ ಎನ್ನುತ್ತಾರೆ. ಡಿಸೆಂಬರಿನಲ್ಲಿ ಮನೆ ಮನೆಯಲ್ಲಿ ಹುಲ್ಲು ಹಾಸಿ, ಮಣ್ಣಿನ ಗೊಂಬೆ ಇಟ್ಟು ಕಟ್ಟುವ ಚಿತ್ರಕ್ಕೂ ಗೋದಲಿ ಎಂದೇ ಹೆಸರು. ಗೋದಲಿ ನೋಡಲು ಬರುತ್ತೇವೆ ಎಂದು ಬರೆದರೆ ಆ ಒಂದು ಶಬ್ದವೇ ಸಾಕು, ಅವರ ಹಬ್ಬದಲ್ಲಿ ಏನಿದೆ ಎಂದು ನಾವು ಕಣ್ಣಿಟ್ಟು ನೋಡಿದ್ದೇವೆ ಎಂದು ಗೊತ್ತಾಗುತ್ತದೆ. ಸಾಂತಾ ಕ್ಲಾಸ್ ಚಿತ್ರದಿಂದ ಅದು ಆಗುವುದಿಲ್ಲ.

ಮೂರನೆಯ ಸಂಜೆ ಅತ್ತೆಗೆ ತಾಳ್ಮೆ ಹೋಯಿತು. "ಎಂತ ಇಷ್ಟು ಯೋಚನೆ? ಆಕೆ ಈ ವರ್ಷ ಕುಸ್ವಾರ್ ಮಾಡುದಿಲ್ಲ. ಮಗ ಬಹರೈನಿಂದ ಮಕ್ಕಳನ್ನು ಕರ್ಕೊಂಡು ಬರ್ತಾನೆ. ಆ ಮಕ್ಕಳಿಗೆ ತಿನ್ನಲಿಕ್ಕೆ ಎಂತ ಉಂಟು ಆ ಮನೆಯಲ್ಲಿ? ಅದನ್ನು ಬರಿ."

ಕುಸ್ವಾರ್ ಎಂದರೆ ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳ ಒಟ್ಟು ಹೆಸರು. ಎಳ್ಳು, ತೆಂಗಿನಕಾಯಿ, ಗೋಡಂಬಿ ತುಂಬಿ ಅರ್ಧಚಂದ್ರದ ಹಾಗೆ ಮಡಚಿದ ನೆವ್ರಿ, ಹಿಟ್ಟಿನ ಗುಳಿಗೆಯನ್ನು ಫೋರ್ಕಿನ ಅಥವಾ ಬಾಚಣಿಗೆಯ ಹಿಂಬದಿಗೆ ಒತ್ತಿ ಸುರುಳಿ ಮಾಡಿದ ಕಿಡಿಯೊ, ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಗೆ ಇಳಿಸುವ ಗುಲಾಬಿ ಹೂವಿನಂಥ ತಿಂಡಿ, ಚಕ್ಕುಲಿ, ಲಾಡು, ಕೇಕು. ಬಾಯಮ್ಮ ಪ್ರತಿ ವರ್ಷ ಎಣ್ಣೆ ಬಾಣಲೆ ಒಲೆಗೇರಿಸಿದ ಕೂಡಲೇ ಮೊದಲು ಚಕ್ಕುಲಿ ಕರಿದು ಒಂದು ಡಬ್ಬಿ ತುಂಬಿ ಬೇರೆ ಇಡುತ್ತಿದ್ದರು. ಅದು ನಮ್ಮ ಪಾಲು. ಹೂವಿನ ತಿಂಡಿಗೂ ಕೇಕಿಗೂ ಮೊಟ್ಟೆ ಬೀಳುತ್ತದೆ, ಅತ್ತೆ ಮೊಟ್ಟೆ ಮುಟ್ಟುವುದಿಲ್ಲ. ಮೊಟ್ಟೆಯ ತಿಂಡಿ ಕರಿದ ಎಣ್ಣೆಯಲ್ಲಿ ನಮ್ಮದು ಕರಿಯಬಾರದೆಂದು ಆ ಲೆಕ್ಕ. ನಾವು ಒಂದು ದಿನವೂ ಹೇಳಿದವರಲ್ಲ.

ಸಾವಾದ ವರ್ಷ ಅವರು ಕುಸ್ವಾರ್ ಮಾಡುವುದಿಲ್ಲ. ಕರಾವಳಿಯ ಬಹಳ ಕ್ಯಾಥೊಲಿಕ್ ಮನೆಗಳಲ್ಲಿ ಇದೇ ರೂಢಿ. ಇಲ್ಲಿ ನಾವು ಎಡವುವ ಜಾಗ ಒಂದಿದೆ. ನಮ್ಮಲ್ಲಿ ಸಾವಾದ ಮನೆಗೆ ಆ ವರ್ಷ ಹಬ್ಬವೇ ಇಲ್ಲ, ಅದರಲ್ಲಿ ಸೂತಕದ ಲೆಕ್ಕವೂ ಸೇರಿರುತ್ತದೆ. ಅದೇ ಅಳತೆ ಹಿಡಿದು, ಅವರಿಗೂ ಈ ವರ್ಷ ಕ್ರಿಸ್‌ಮಸ್ ಇಲ್ಲವೆಂದು ನಾವು ಆ ಕಡೆ ಹೋಗದೆ ಕೂರುತ್ತೇವೆ. ಅವರಲ್ಲಿ ಮೈಲಿಗೆಯ ಮಾತಿಲ್ಲ. ನಿಲ್ಲುವುದು ಸಡಗರ ಮಾತ್ರ. 24ರ ರಾತ್ರಿಯ ಪೂಜೆಗೆ ಅವರು ಹೋಗೇ ಹೋಗುತ್ತಾರೆ, ಗೋದಲಿಯೂ ಸಣ್ಣದಾಗಿ ಇರುತ್ತದೆ. ತೀರಿಕೊಂಡವರ ಹೆಸರು ಎತ್ತಬಾರದ ದಿನವೂ ಅದಲ್ಲ. ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಬಾಯಮ್ಮ ಮೇಣದ ಬತ್ತಿಯ ಕಟ್ಟು, ಸೇವಂತಿಗೆ ಹಿಡಿದು ಇಗರ್ಜಿಯ ಸ್ಮಶಾನಕ್ಕೆ ಹೋದದ್ದನ್ನು ನಾನೇ ನೋಡಿದ್ದೆ. ಹಾಗಿರುವಾಗ ಪೊರ್ಬುಲು ಎಂಬ ಮಾತೇ ಬಾರದ ಹಾಗೆ ಕಾಗದ ಬರೆದರೆ ಅವರನ್ನು ಎರಡನೆಯ ಸಲ ಕಳಿಸಿದ ಹಾಗೆ.

ಆ ರಾತ್ರಿ ಬರೆದದ್ದು ಇಷ್ಟು:

"ಬಾಯಮ್ಮ,

ಪೊರ್ಬುಲು ಇಲ್ಲದ ಮೊದಲ ಕ್ರಿಸ್‌ಮಸ್ ಇದು. ಡಿಸೆಂಬರ್ ಹತ್ತು ಕಳೆದರೆ ಅವರು ಜಗಲಿಯಲ್ಲಿ ಕೂತು ಬಿದಿರಿನ ಕಡ್ಡಿ ಸೀಳಿ ನಕ್ಷತ್ರ ಕಟ್ಟುವುದು ನಮ್ಮ ಅಡುಗೆಮನೆ ಕಿಟಕಿಗೆ ಕಾಣುತ್ತಿತ್ತು. ಈ ಸಲವೂ ಆ ಹೊತ್ತಿಗೆ ಕಣ್ಣು ಅಲ್ಲಿಗೇ ಹೋಗುತ್ತದೆ.

ನೀವು ಕುಸ್ವಾರ್ ಮಾಡುವುದಿಲ್ಲ ಎಂದು ಗೊತ್ತು. ಚಕ್ಕುಲಿ ಮತ್ತು ಕಡಲೆ ಉಂಡೆ ಕಳಿಸಿದ್ದೇವೆ. ಮೊಮ್ಮಕ್ಕಳಿಗೆ ಹಬ್ಬದ ದಿನ ಬಾಯಿಗೆ ಹಾಕಲು ಏನಾದರೂ ಬೇಕಲ್ಲ. ತಾಟು ವಾಪಸು ಕೊಡುವ ಗಡಿಬಿಡಿ ಬೇಡ.

25ಕ್ಕೆ ಸಂಜೆ ಐದು ಗಂಟೆಗೆ ಗೋದಲಿ ನೋಡಲು ಬರುತ್ತೇವೆ. ಚಹಾ ಸಾಕು. ಆ ದಿನ ಯಾರೂ ಬೇಡ ಅನ್ನಿಸಿದರೆ ಮಗನ ಹತ್ತಿರ ಹೇಳಿ ಕಳಿಸಿ, ಇನ್ನೊಂದು ದಿನ ಬರುತ್ತೇವೆ.

ದೇವರು ನಿಮಗೂ ಮಕ್ಕಳಿಗೂ ಒಳ್ಳೆಯದು ಮಾಡಲಿ.

ಬೇಲಿಯ ಈಚೆಯವರು"

ಶುಭಾಶಯ ಎಂಬ ಶಬ್ದ ಇದರಲ್ಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಬರೆಯುತ್ತ ಹೋದಾಗ ಅದಕ್ಕೆ ಜಾಗ ಸಿಗಲಿಲ್ಲ. ನಕ್ಷತ್ರದ ಸಾಲು ಬೇರೆ ಯಾವ ಮನೆಗೂ ಹೋಗುವುದಿಲ್ಲ, ಬಿದಿರು ಸೀಳುತ್ತಿದ್ದದ್ದು ಒಬ್ಬರೇ. ಈ ಸಲವೂ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದಾದ ಮೇಲೆ ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು ಎಂದು ಇನ್ನೊಂದು ಸಾಲು ನಮ್ಮವರು ಸೇರಿಸಲು ಹೊರಟಿದ್ದರು, ಅತ್ತೆ ಅಳಿಸಿದರು.

ಕೊನೆಯ ಸಾಲಿನ ಬಗ್ಗೆ ಒಂದು ಮಾತು. ಯಾವ ದೇವರು ಎಂದು ಅಲ್ಲಿ ಹೇಳಿಲ್ಲ. ನಾವು ಬರೆಯುವಾಗ ನಮಗೆ ನಮ್ಮ ದೇವರು, ಅವರು ಓದುವಾಗ ಅವರಿಗೆ ಅವರ ದೇವರು. ಯಾರೂ ತಮ್ಮದಲ್ಲದ ಮಾತು ಆಡಿದ ಹಾಗಾಗಲಿಲ್ಲ. ವಿಶೇಷವೆಂದರೆ ಮಂಗಳೂರಿನ ಕೊಂಕಣಿಯಲ್ಲಿ ಉಪಕಾರ ನೆನೆಯಲು ಹೇಳುವುದೇ "ದೇವ್ ಬರೆಂ ಕರುಂ" ಎಂದು, ಅಕ್ಷರಶಃ ದೇವರು ಒಳ್ಳೆಯದು ಮಾಡಲಿ. ಬಾಯಮ್ಮ ನಮಗೆ ಮೂವತ್ತು ವರ್ಷದಿಂದ ಹೇಳುತ್ತ ಬಂದ ಮಾತನ್ನೇ ನಾವು ಕನ್ನಡದಲ್ಲಿ ವಾಪಸು ಕೊಟ್ಟದ್ದು.

ಕೊಂಕಣಿಯಲ್ಲೇ ಬರೆಯಬಹುದಿತ್ತಲ್ಲ ಎಂದು ಮಗ ಕೇಳಿದ. ಕ್ರಿಸ್‌ಮಸ್‌ಗೆ ಅವರು ನತಾಲ್ ಎನ್ನುತ್ತಾರೆ, ಪೋರ್ಚುಗೀಸಿನಿಂದ ಬಂದ ಶಬ್ದ. "ನತಾಲಾಂ ಫೆಸ್ತಾಚೆ ಉಲ್ಲಾಸ್" ಎಂದು ಹೇಳಿದರೆ ಅವರಿಗೆ ಖುಷಿಯೇ. ಬೇರೆ ವರ್ಷವಾದರೆ ಹೇಳುತ್ತಿದ್ದೆ. ಉಲ್ಲಾಸ ಎಂಬ ಶಬ್ದ ಆ ವರ್ಷಕ್ಕೆ ಒಗ್ಗುತ್ತಿರಲಿಲ್ಲ. ಮತ್ತೆ ಇದು ಎಲ್ಲ ಕ್ರೈಸ್ತರ ಮಾತೂ ಅಲ್ಲ. ಬಾಸೆಲ್ ಮಿಶನ್ ಕಾಲದಿಂದ ಬಂದ ಪ್ರೊಟೆಸ್ಟೆಂಟರು ನಮ್ಮೂರಲ್ಲಿ ತುಳು, ಕನ್ನಡ ಮಾತಾಡುವವರು, ಧಾರವಾಡದ ಕಡೆ ಕನ್ನಡದವರು. ಅವರಿಗೆ ನತಾಲ್ ಎಂದರೆ ಹೊರಗಿನ ಶಬ್ದ, ಕುಸ್ವಾರ್ ಎಂದರೂ ಅಷ್ಟೇ. ಅವರ ರಾತ್ರಿಯ ಪ್ರಾರ್ಥನೆಗೆ ಬಲಿಪೂಜೆ ಎನ್ನಬಾರದು, ಅದು ಕ್ಯಾಥೊಲಿಕರ ಶಬ್ದ. ಅವರದು ಆರಾಧನೆ. ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು ಕ್ರಿಸ್‌ಮಸ್ ಆಚರಿಸುವುದೇ ಇಲ್ಲ, ಇನ್ನು ಕೆಲವು ಸಣ್ಣ ಸಭೆಗಳವರೂ ಆಚರಿಸುವುದಿಲ್ಲ. ಹೆಸರು ನೋಡಿ ಎಲ್ಲರಿಗೂ ಕಳಿಸಿದರೆ ಇಂಥ ಮನೆಗೂ ಹೋಗಿ ಬೀಳುತ್ತದೆ. ಗೊತ್ತಿಲ್ಲದಿದ್ದರೆ ನವೆಂಬರಿನಲ್ಲೇ "ನಿಮ್ಮಲ್ಲಿ ಕ್ರಿಸ್‌ಮಸ್ ಹೇಗೆ?" ಎಂದು ಸುಮ್ಮನೆ ಕೇಳಿದರಾಯಿತು, ಯಾರೂ ತಪ್ಪು ತಿಳಿಯುವುದಿಲ್ಲ.

ಹೊತ್ತಿನ ವಿಷಯದಲ್ಲಿ ನಾವು ಮೊದಲೆಲ್ಲ ತಪ್ಪುತ್ತಿದ್ದೆವು. 24ರ ರಾತ್ರಿ ಫೋನ್ ಮಾಡಿದರೆ ಅವರು ಇಗರ್ಜಿಯಲ್ಲಿರುತ್ತಾರೆ. 25ರ ಬೆಳಿಗ್ಗೆ ನಿದ್ದೆಗಣ್ಣು, ಮಧ್ಯಾಹ್ನ ಸನ್ನಾಸು, ಮಾಂಸದ ಊಟ, ಮನೆ ತುಂಬ ನೆಂಟರು. ಆಗ ಸಸ್ಯಾಹಾರಿಗಳಾದ ನಾವು ಹೋಗಿ ನಿಂತರೆ ನಮಗಾಗಿ ಪ್ರತ್ಯೇಕ ಏನಾದರೂ ಮಾಡಲು ಅವರು ಓಡಾಡಬೇಕು. ಐದು ಗಂಟೆಯ ಚಹಾ ಎಲ್ಲರಿಗೂ ಆರಾಮ. 25 ತಪ್ಪಿಹೋದರೆ ತಡವಾಯಿತೆಂದು ಕ್ಷಮೆ ಕೇಳುವ ಅಗತ್ಯವೂ ಇಲ್ಲ. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರ ಅವರ ಇಗರ್ಜಿಯಲ್ಲಿ ಕಾಯುವ ಕಾಲ, ಪಾದ್ರಿಗಳು ನೇರಳೆ ವಸ್ತ್ರ ಹಾಕುತ್ತಾರೆ. ಹಬ್ಬದ ಕಾಲ ಶುರುವಾಗುವುದೇ 24ರ ಸಂಜೆಯಿಂದ, ಅದು ಜನವರಿಯಲ್ಲಿ ಮೂವರು ರಾಯರ ಹಬ್ಬದಾಚೆಗೂ ನಡೆಯುತ್ತದೆ. ಅಂಗಡಿಯವರು ಡಿಸೆಂಬರ್ ಒಂದಕ್ಕೆ ಶುರು ಮಾಡಿ 26ಕ್ಕೆ ನಕ್ಷತ್ರ ಇಳಿಸುತ್ತಾರೆ, ಇಗರ್ಜಿಯ ಲೆಕ್ಕ ಅದಕ್ಕೆ ಸರೀ ಉಲ್ಟಾ.

23ರ ಸಂಜೆ ಮಗ ತಾಟು, ಕಾಗದ ಎರಡನ್ನೂ ಕಂಡಿಯಿಂದ ದಾಟಿಸಿ ಬಂದ. ಉತ್ತರ ಬರಲಿಲ್ಲ. ಬೇಡವೆಂದು ಹೇಳಿಯೂ ಕಳಿಸಲಿಲ್ಲ. 25ಕ್ಕೆ ಐದು ಗಂಟೆಗೆ ಹೋದಾಗ ಜಗಲಿಯಲ್ಲಿ ಕಾಗದದ ನಕ್ಷತ್ರ ತೂಗುತ್ತಿತ್ತು, ಸ್ವಲ್ಪ ಸೊಟ್ಟ. ಮೊಮ್ಮಗ ಕಟ್ಟಿದ್ದಂತೆ. ಗೋದಲಿ ಒಂದು ಸ್ಟೂಲಿನ ಮೇಲೆ ಹಿಡಿಸುವಷ್ಟೇ ಇತ್ತು. ಅತ್ತೆಯ ಕೈ ಹಿಡಿದುಕೊಂಡು ಬಾಯಮ್ಮ ಎಷ್ಟೋ ಹೊತ್ತು ಸುಮ್ಮನೆ ಕೂತರು. ಅತ್ತೆ ಹೆದರಿದ ಹಾಗೆ ಇಬ್ಬರೂ ಅತ್ತರು. ಆಮೇಲೆ ಸೆರಗಿನಲ್ಲಿ ಕಣ್ಣೊರಸಿಕೊಂಡು ಬಾಯಮ್ಮ ಹೇಳಿದರು:

"ಚಕ್ಕುಲಿಗೆ ಉಪ್ಪು ಜಾಸ್ತಿ ಹಾಕಿದ್ದೀರಿ. ಬರುವ ವರ್ಷ ನಾನೇ ಮಾಡ್ತೇನೆ."